ಸೇವಿಂಗ್ಸ್ ಪ್ಲಾನ್ ಎಷ್ಟಕ್ಕೆ ಕೊಳ್ಳಬೇಕು? ಬಳಕೆ ಇಳಿದರೂ ಕೈಸುಡದಂತೆ ಲೆಕ್ಕ ಹಾಕುವ ಕ್ರಮ

"ಕ್ಲೌಡ್ ಬಿಲ್ ಏರುತ್ತಿದೆ, ಸೇವಿಂಗ್ಸ್ ಪ್ಲಾನ್ ಎಷ್ಟಕ್ಕೆ ತೆಗೆದುಕೊಳ್ಳಲಿ?" ಓದುಗರಿಂದ ಹೆಚ್ಚು ಬರುವ ಪ್ರಶ್ನೆ ಇದು. ಕೊಂಡು ಕೆಲವು ತಿಂಗಳಾದ ಮೇಲೆ ಪ್ರಶ್ನೆ ಬದಲಾಗುತ್ತದೆ: "ನಮ್ಮ ಬಳಕೆ ಅರ್ಧಕ್ಕೆ ಇಳಿದಿದೆ, ಪ್ಲಾನ್ ರದ್ದು ಮಾಡುವುದು ಹೇಗೆ?" ಎರಡನೆಯ ಪ್ರಶ್ನೆಗೆ ಹೆಚ್ಚಿನ ಸಂದರ್ಭಗಳಲ್ಲಿ ಒಂದೇ ಉತ್ತರ, ರದ್ದು ಮಾಡಲಾಗದು. ಹಾಗಾಗಿ ಮೊದಲನೆಯ ಪ್ರಶ್ನೆಗೆ ಉತ್ತರಿಸುವಾಗಲೇ ಎರಡನೆಯದನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು.

ಇಲ್ಲಿ ಉದಾಹರಣೆಗೆ ಎಡಬ್ಲ್ಯೂಎಸ್‌ನ ಕಂಪ್ಯೂಟ್ ಸೇವಿಂಗ್ಸ್ ಪ್ಲಾನ್ ತೆಗೆದುಕೊಂಡಿದ್ದೇನೆ. ಅಜೂರ್‌ನ ಸೇವಿಂಗ್ಸ್ ಪ್ಲಾನ್ ಮತ್ತು ಗೂಗಲ್ ಕ್ಲೌಡ್‌ನ ಖರ್ಚು ಆಧಾರಿತ ಕಮಿಟ್‌ಮೆಂಟ್ ರಿಯಾಯಿತಿಗಳಿಗೂ ಲೆಕ್ಕದ ತಿರುಳು ಇದೇ. ಅವುಗಳನ್ನೂ ನಡುವೆ ರದ್ದು ಮಾಡುವಂತಿಲ್ಲ.

ಮೊದಲು, ನೀವು ಕೊಡುವ ಮಾತು ಯಾವುದು?

ಬಳಸಿದಷ್ಟಕ್ಕೆ ತೆರುವ ಮಾಮೂಲಿ ದರಕ್ಕೆ ಆನ್-ಡಿಮಾಂಡ್ ದರ ಎನ್ನುತ್ತಾರೆ. ಸೇವಿಂಗ್ಸ್ ಪ್ಲಾನ್ ಎಂದರೆ "ಒಂದು ಅಥವಾ ಮೂರು ವರ್ಷ, ಪ್ರತಿ ಗಂಟೆಗೂ ಇಷ್ಟು ಡಾಲರ್ ಕೊಟ್ಟೇ ಕೊಡುತ್ತೇನೆ" ಎಂಬ ಒಪ್ಪಂದ. ಬದಲಿಗೆ ಆ ಮೊತ್ತದೊಳಗಿನ ಬಳಕೆಗೆ ಕಡಿಮೆ ದರ ಸಿಗುತ್ತದೆ. ಮೀರಿದ ಬಳಕೆಗೆ ಆನ್-ಡಿಮಾಂಡ್ ದರವೇ.

ಇದರಲ್ಲಿ "ಪ್ರತಿ ಗಂಟೆಗೂ" ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ರಾತ್ರಿ 2 ಗಂಟೆಗೆ ಬಳಸದೆ ಉಳಿದದ್ದು ಬೆಳಿಗ್ಗೆ 10ಕ್ಕೆ ಸಿಗುವುದಿಲ್ಲ. ಆ ಗಂಟೆಯ ಹಣ ಆ ಗಂಟೆಗೇ ಮುಗಿಯಿತು. ತಿಂಗಳ ಒಟ್ಟು ಬಿಲ್ಲನ್ನು ಗಂಟೆಗಳಿಂದ ಭಾಗಿಸಿ ಕಮಿಟ್ ಮಾಡುವವರು ಎಡವುವುದು ಇಲ್ಲಿಯೇ.

ಎರಡನೆಯ ಎಡವಟ್ಟು: ಕಮಿಟ್‌ಮೆಂಟ್ ಮೊತ್ತ ಇರುವುದು ರಿಯಾಯಿತಿ ಕಳೆದ ದರದಲ್ಲಿ, ಆನ್-ಡಿಮಾಂಡ್ ದರದಲ್ಲಿ ಅಲ್ಲ. ರಿಯಾಯಿತಿ ಶೇ. 28 ಇದ್ದರೆ ಗಂಟೆಗೆ 6 ಡಾಲರಿನ ಆನ್-ಡಿಮಾಂಡ್ ಬಳಕೆಯನ್ನು ಮುಚ್ಚಲು 4.32 ಡಾಲರ್ ಸಾಕು. 6 ಡಾಲರ್ ಎಂದೇ ಬರೆದರೆ 8.33 ಡಾಲರಿನ ಬಳಕೆಗೆ ಮಾತು ಕೊಟ್ಟಂತಾಗುತ್ತದೆ.

1. ಗಂಟೆಗಂಟೆಯ ಬಳಕೆ ತೆಗೆಯಿರಿ

ಬಿಲ್ಲಿಂಗ್ ಕನ್ಸೋಲ್‌ನ Cost Explorer ನಲ್ಲಿ ಗಂಟೆವಾರು ವಿವರ ತಾನಾಗಿ ಬರುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು. ಅದಕ್ಕೆ ಸಣ್ಣ ಶುಲ್ಕವಿದೆ, ಕೊನೆಯ 14 ದಿನಗಳದ್ದು ಮಾತ್ರ ಸಿಗುತ್ತದೆ. ಅದಕ್ಕಿಂತ ಹಿಂದಿನದು ಬೇಕಿದ್ದರೆ ಬಿಲ್‌ನ ಸವಿಸ್ತಾರ ವರದಿಯನ್ನು ಸ್ಟೋರೇಜ್‌ಗೆ ಇಳಿಸುವ ವ್ಯವಸ್ಥೆಯನ್ನು ಮೊದಲೇ ಮಾಡಿಟ್ಟಿರಬೇಕು. ಪ್ಲಾನ್ ಕೊಳ್ಳುವ ಯೋಚನೆ ಬಂದ ದಿನವೇ ಇದನ್ನು ಶುರುಮಾಡಿ.

ತೆಗೆದ ವಿವರದಲ್ಲಿ ಕಂಪ್ಯೂಟ್ ಪ್ಲಾನ್ ಅನ್ವಯಿಸುವ ಬಳಕೆಯನ್ನಷ್ಟೇ ಉಳಿಸಿಕೊಳ್ಳಿ: ಇಸಿ2 ಸರ್ವರ್‌ಗಳು, ಫಾರ್ಗೇಟ್, ಲ್ಯಾಂಬ್ಡಾ. ಆರ್‌ಡಿಎಸ್ ಡೇಟಾಬೇಸ್, ಸ್ಟೋರೇಜ್, ಡೇಟಾ ವರ್ಗಾವಣೆ ಇವೆಲ್ಲ ಇದರ ಹೊರಗೆ. ಸ್ಪಾಟ್ ಸರ್ವರ್‌ಗಳೂ (ಬೇಕಾದಾಗ ವಾಪಸ್ ಕಿತ್ತುಕೊಳ್ಳುವ ಷರತ್ತಿನ ಮೇಲೆ ಅಗ್ಗಕ್ಕೆ ಕೊಡುವ ಬಿಡಿ ಸಾಮರ್ಥ್ಯ) ಇದರ ಹೊರಗೆ. ಒಟ್ಟು ಬಿಲ್ ನೋಡಿ ನಿರ್ಧರಿಸಿದರೆ ಮೊದಲ ಹೆಜ್ಜೆಯಲ್ಲೇ ಅಂದಾಜು ಉಬ್ಬಿರುತ್ತದೆ.

2. ಹೋಗಲಿರುವುದನ್ನು ಈಗಲೇ ಕಳೆಯಿರಿ

ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು. ಇದನ್ನು ಕನ್ಸೋಲ್ ನಿಮಗಾಗಿ ಮಾಡುವುದೂ ಇಲ್ಲ. ಕನ್ಸೋಲ್ ಕೊಡುವ ಶಿಫಾರಸು ಕಳೆದ 7, 30 ಅಥವಾ 60 ದಿನಗಳ ಬಳಕೆಯನ್ನು ನೋಡಿ, ಮುಂದೆಯೂ ಹೀಗೇ ಇರುತ್ತದೆ ಎಂದು ಭಾವಿಸಿ ಕೊಡುವ ಲೆಕ್ಕ. ಮುಂದಿನ ತ್ರೈಮಾಸಿಕದಲ್ಲಿ ನೀವು ಹಳೆಯ ಅಪ್ಲಿಕೇಶನ್ ಮುಚ್ಚಲಿದ್ದೀರಿ ಎಂಬುದು ಅದಕ್ಕೆ ಗೊತ್ತಿಲ್ಲ.

ಎಂಜಿನಿಯರಿಂಗ್ ತಂಡದ ಜೊತೆ ಕುಳಿತು ಒಂದು ಪಟ್ಟಿ ಮಾಡಿ. ಅಗತ್ಯಕ್ಕಿಂತ ದೊಡ್ಡದಾಗಿರುವ ಸರ್ವರ್‌ಗಳನ್ನು ಚಿಕ್ಕದು ಮಾಡುವ ಯೋಜನೆ ಇದೆಯೇ? ಆರ್ಮ್ ಪ್ರೊಸೆಸರ್‌ನ ಗ್ರಾವಿಟಾನ್ ಸರ್ವರ್‌ಗಳಿಗೆ ಹೋಗುವ ಮಾತಿದೆಯೇ? ಅವುಗಳ ದರ ಕಡಿಮೆ, ಆದ್ದರಿಂದ ಅದೇ ಕೆಲಸಕ್ಕೆ ಬೇಕಾಗುವ ಕಮಿಟ್‌ಮೆಂಟ್ ಕೂಡ ಕಡಿಮೆ. ನೀವೇ ಸರ್ವರ್ ಮೇಲೆ ನಡೆಸುತ್ತಿರುವ ಡೇಟಾಬೇಸನ್ನು ಆರ್‌ಡಿಎಸ್‌ಗೆ ಒಯ್ಯುವವರಿದ್ದೀರಾ? ಹಾಗಾದರೆ ಆ ಬಳಕೆ ಪ್ಲಾನ್ ವ್ಯಾಪ್ತಿಯಿಂದಲೇ ಹೊರಗೆ ಹೋಗುತ್ತದೆ. ಪರೀಕ್ಷಾ ಸರ್ವರ್‌ಗಳನ್ನು ರಾತ್ರಿ ಆರಿಸುವ ಆಲೋಚನೆಯೂ ರಾತ್ರಿಯ ತಳಮಟ್ಟವನ್ನು ಇಳಿಸುತ್ತದೆ. ದೊಡ್ಡ ಗ್ರಾಹಕರೊಬ್ಬರ ಒಪ್ಪಂದ ಮುಗಿಯುವ ದಿನಾಂಕವನ್ನೂ ಮಾರಾಟ ವಿಭಾಗದಿಂದ ಕೇಳಿ ತಿಳಿದುಕೊಳ್ಳಿ. ಬಳಕೆ ಇಳಿಯುವ ಸುದ್ದಿ ಮೊದಲು ತಲುಪುವುದು ಅವರಿಗೇ.

ಬಳಕೆ ತಗ್ಗಿಸುವ ಇಂಥ ಶುಚಿ ಕೆಲಸಗಳನ್ನು ಮುಗಿಸಿ ಆಮೇಲೆ ಕೊಳ್ಳುವುದು ಉತ್ತಮ. ಕಾಯಲು ಆಗದಿದ್ದರೆ, ಹೋಗಲಿರುವ ಬಳಕೆಯನ್ನು ಕಾಗದದ ಮೇಲಾದರೂ ಕಳೆದು ಮುಂದಿನ ಲೆಕ್ಕಕ್ಕೆ ಹೋಗಿ.

3. ತಳಮಟ್ಟ ಹಿಡಿಯಿರಿ

ಒಂದು ಸಂಸ್ಥೆಯ ಬಳಕೆ ಹೀಗಿದೆ ಎಂದುಕೊಳ್ಳಿ. ಹಗಲಿನ 14 ಗಂಟೆ, ಆನ್-ಡಿಮಾಂಡ್ ದರದಲ್ಲಿ ಗಂಟೆಗೆ 10 ಡಾಲರ್. ರಾತ್ರಿಯ 10 ಗಂಟೆ, ಗಂಟೆಗೆ 6 ಡಾಲರ್. ಒಂದು ವರ್ಷದ, ಮುಂಗಡವಿಲ್ಲದ ಪ್ಲಾನ್‌ಗೆ ಸರಾಸರಿ ರಿಯಾಯಿತಿ ಶೇ. 28 ಎಂದಿಟ್ಟುಕೊಳ್ಳೋಣ. ನಿಮ್ಮ ಸರ್ವರ್ ಬಗೆ ಮತ್ತು ಪ್ರದೇಶಕ್ಕೆ ಇದು ಬೇರೆಯೇ ಇರುತ್ತದೆ, ದರಪಟ್ಟಿ ನೋಡಿಕೊಳ್ಳಿ.

ಎಂದೂ ಕೆಳಗಿಳಿಯದ ಮಟ್ಟ 6 ಡಾಲರ್. ಕಮಿಟ್‌ಮೆಂಟ್:

```
ಆನ್-ಡಿಮಾಂಡ್ ತಳಮಟ್ಟ × (1 − ರಿಯಾಯಿತಿ) = 6 × 0.72 = 4.32
```

ಇದರಿಂದ ಪ್ರತಿ ಗಂಟೆಗೂ 1.68 ಡಾಲರ್ ಉಳಿತಾಯ, ದಿನಕ್ಕೆ ಸುಮಾರು 40 ಡಾಲರ್. ಈಗ ಇನ್ನೊಬ್ಬರು ದುರಾಸೆಯಿಂದಲ್ಲ, ಲೆಕ್ಕ ತಪ್ಪಿ, 6 ಡಾಲರ್ ಕಮಿಟ್ ಮಾಡಿದರೆನ್ನಿ. ಹಗಲಲ್ಲಿ ಗಂಟೆಗೆ 2.33 ಡಾಲರ್ ಉಳಿಯುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಆದರೆ ರಾತ್ರಿ 6 ಡಾಲರಿನ ಬಳಕೆಗೆ 6 ಡಾಲರನ್ನೇ ಕೊಡುತ್ತಾರೆ, ಉಳಿತಾಯ ಸೊನ್ನೆ. ದಿನದ ಒಟ್ಟು ಉಳಿತಾಯ ಸುಮಾರು 33 ಡಾಲರ್. ಬಳಕೆ ಇನ್ನೂ ಒಂದಿಷ್ಟೂ ಇಳಿದಿಲ್ಲ, ಆದರೂ ಹೆಚ್ಚು ಕಮಿಟ್ ಮಾಡಿ ಕಡಿಮೆ ಉಳಿಸಿದ್ದಾರೆ.

ಇದರ ಹಿಂದೆ ಒಂದು ಸರಳ ಸೂತ್ರವಿದೆ. ರಿಯಾಯಿತಿ ಶೇ. 28 ಇದ್ದರೆ, ಕಮಿಟ್ ಮಾಡಿದ ಪ್ರತಿ ಡಾಲರೂ ಶೇ. 72ಕ್ಕಿಂತ ಹೆಚ್ಚು ಗಂಟೆಗಳಲ್ಲಿ ಬಳಕೆಯಾದರೆ ಮಾತ್ರ ಲಾಭ. ಅದೇ ಸಮಬಿಂದು, ಲಾಭವೂ ಇಲ್ಲ ನಷ್ಟವೂ ಇಲ್ಲ ಎನ್ನುವ ಜಾಗ. ಮೇಲಿನ ಉದಾಹರಣೆಯಲ್ಲಿ ಹಗಲಿನ ಹೆಚ್ಚುವರಿ ಬಳಕೆ ಇರುವುದು 24ರಲ್ಲಿ 14 ಗಂಟೆ, ಅಂದರೆ ಶೇ. 58. ಹಾಗಾಗಿ ಅದನ್ನು ಕಮಿಟ್ ಮಾಡಬಾರದು, ಆನ್-ಡಿಮಾಂಡ್‌ನಲ್ಲೇ ಬಿಡಬೇಕು. ಹಗಲಿನ ಭಾರ 20 ಗಂಟೆ ಇದ್ದಿದ್ದರೆ ತಳಮಟ್ಟದ ಮೇಲೆ ಸ್ವಲ್ಪ ಹೋಗಬಹುದಿತ್ತು. ಶನಿವಾರ, ಭಾನುವಾರ, ರಜಾದಿನಗಳನ್ನೂ ಈ ಎಣಿಕೆಯಲ್ಲಿ ಸೇರಿಸಲು ಮರೆಯಬೇಡಿ.

4. ಅವಧಿ ಮತ್ತು ಬಗೆ ಆರಿಸಿ

ಅದೇ ಸಮಬಿಂದುವನ್ನು ಕಾಲಕ್ಕೂ ಹಚ್ಚಬಹುದು. ಒಂದು ವರ್ಷದ ಪ್ಲಾನ್ ಕೊಂಡ ಮೇಲೆ ಆ ಬಳಕೆ ಒಂದು ದಿನ ಪೂರ್ತಿ ನಿಂತೇ ಹೋಯಿತು ಎನ್ನಿ. 12 ತಿಂಗಳಿನ ಶೇ. 72 ಎಂದರೆ ಸುಮಾರು ಎಂಟೂವರೆ ತಿಂಗಳು. ಅದಕ್ಕಿಂತ ಮೊದಲೇ ನಿಂತರೆ ನಷ್ಟ, ಆಮೇಲೆ ನಿಂತರೆ ಲಾಭ. ಮೂರು ವರ್ಷದ ಪ್ಲಾನ್‌ಗೆ ರಿಯಾಯಿತಿ ಶೇ. 50 ಸಿಕ್ಕರೆ ಸಮಬಿಂದು 18 ತಿಂಗಳು. ಆದ್ದರಿಂದ "ಮೂರು ವರ್ಷ ನಾವು ಹೀಗೇ ಇರುತ್ತೇವೆಯೇ?" ಎಂದು ಕೇಳಿಕೊಳ್ಳಬೇಕಿಲ್ಲ. "ಈ ಬಳಕೆ ಒಂದೂವರೆ ವರ್ಷ ಖಂಡಿತ ಇರುತ್ತದೆಯೇ?" ಎಂದು ಕೇಳಿಕೊಳ್ಳಿ. ಉತ್ತರ ತಡವರಿಸಿದರೆ ಒಂದು ವರ್ಷವೇ ಸರಿ.

ಬಗೆಯ ವಿಚಾರಕ್ಕೆ ಬಂದರೆ, ಇಸಿ2 ಇನ್‌ಸ್ಟೆನ್ಸ್ ಸೇವಿಂಗ್ಸ್ ಪ್ಲಾನ್‌ನಲ್ಲಿ ರಿಯಾಯಿತಿ ಹೆಚ್ಚು, ಗರಿಷ್ಠ ಶೇ. 72ರವರೆಗೆ. ಕಂಪ್ಯೂಟ್ ಪ್ಲಾನ್‌ನಲ್ಲಿ ಗರಿಷ್ಠ ಶೇ. 66. ಆದರೆ ಮೊದಲನೆಯದು ಒಂದು ಪ್ರದೇಶದ ಒಂದು ಸರ್ವರ್ ಕುಟುಂಬಕ್ಕೆ ಕಟ್ಟಿಹಾಕುತ್ತದೆ. `m5` ಕುಟುಂಬಕ್ಕೆ ಕೊಂಡು ಆಮೇಲೆ `m7g` ಗೆ ಹೋದರೆ ಪ್ಲಾನ್ ಅಲ್ಲೇ ಉಳಿಯುತ್ತದೆ, ನಿಮ್ಮ ಕೆಲಸ ಬೇರೆಡೆ ನಡೆಯುತ್ತದೆ. ಒಟ್ಟು ಬಳಕೆ ಇಳಿಯದೆಯೂ ಕಮಿಟ್‌ಮೆಂಟ್ ಖಾಲಿ ಬೀಳುವ ದಾರಿ ಇದು. ಮುಂದಿನ ವರ್ಷದ ಬಗ್ಗೆ ಅನುಮಾನ ಇರುವವರು ಕಂಪ್ಯೂಟ್ ಪ್ಲಾನನ್ನೇ ಹಿಡಿಯಬೇಕು ಎನ್ನುವುದು ನನ್ನ ಸ್ಪಷ್ಟ ನಿಲುವು.

ಮುಂಗಡ ಪಾವತಿಗೆ ಇನ್ನಷ್ಟು ರಿಯಾಯಿತಿ ಸಿಗುತ್ತದೆ. ಮುಂಗಡ ಕೊಟ್ಟರೂ ಕೊಡದಿದ್ದರೂ ಬಾಧ್ಯತೆ ಒಂದೇ, ಹಾಗಾಗಿ ಅದು ಹಣದ ಹರಿವನ್ನು ನೋಡಿ ನಿರ್ಧರಿಸುವ ವಿಷಯ.

5. ಒಂದೇ ಬಾರಿಗೆ ಕೊಳ್ಳಬೇಡಿ, ಮೆಟ್ಟಿಲು ಕಟ್ಟಿ

ಲೆಕ್ಕಕ್ಕೆ ಸಿಕ್ಕ 4.32 ಡಾಲರನ್ನು ನಾಲ್ಕು ಪಾಲು ಮಾಡಿ. ಇವತ್ತು 1.08, ಮೂರು ತಿಂಗಳಾದ ಮೇಲೆ ಮತ್ತೆ 1.08, ಹೀಗೆ. ವರ್ಷ ತುಂಬಿದ ಮೇಲೆ ಪ್ರತಿ ಮೂರು ತಿಂಗಳಿಗೆ ಒಂದು ಪಾಲು ಮುಗಿಯುತ್ತದೆ. ಅದನ್ನು ಮುಂದುವರಿಸುವುದೋ ಬಿಡುವುದೋ ಎಂದು ಪ್ರತಿ ಸಲ ಹೊಸದಾಗಿ ನಿರ್ಧರಿಸಬಹುದು.

ಇದರ ಬೆಲೆ ಎಷ್ಟು ಎಂದು ನೋಡೋಣ. ನಾಲ್ಕು ತಿಂಗಳಾದ ಮೇಲೆ ಆ ಸಂಸ್ಥೆಯ ಒಂದು ದೊಡ್ಡ ಸೇವೆ ಮುಚ್ಚಿತು. ಬಳಕೆ ಹಗಲಲ್ಲಿ 5, ರಾತ್ರಿ 3 ಡಾಲರಿಗೆ ಇಳಿಯಿತು. ಆನ್-ಡಿಮಾಂಡ್‌ಗೆ ಹೋಲಿಸಿದರೆ ಮೊದಲ ವರ್ಷದ ಕೊನೆಗೆ ಚಿತ್ರ ಹೀಗಿರುತ್ತದೆ:

- ಲೆಕ್ಕ ತಪ್ಪಿ 6 ಡಾಲರ್ ಕಮಿಟ್ ಮಾಡಿದ್ದರೆ: ಸುಮಾರು 6,700 ಡಾಲರ್ ನಷ್ಟ.
- ತಳಮಟ್ಟದ 4.32 ಡಾಲರನ್ನು ಒಮ್ಮೆಗೇ ಕೊಂಡಿದ್ದರೆ: ಸುಮಾರು 4,000 ಡಾಲರ್ ಉಳಿತಾಯ. ಮೊದಲ ನಾಲ್ಕು ತಿಂಗಳಲ್ಲಿ ಗಳಿಸಿದ್ದರಲ್ಲಿ ಒಂದು ಭಾಗವನ್ನು ಆಮೇಲಿನ ದಿನಗಳು ತಿಂದವು.
- ಮೆಟ್ಟಿಲಿನಂತೆ ಕೊಂಡು, ಎರಡು ಪಾಲಾದ ಮೇಲೆ ನಿಲ್ಲಿಸಿದ್ದರೆ: ಸುಮಾರು 6,400 ಡಾಲರ್ ಉಳಿತಾಯ. ಎರಡು ಪಾಲು ಸೇರಿ 2.16 ಡಾಲರ್, ಅದು ಹೊಸ ತಳಮಟ್ಟದ 3 ಡಾಲರಿಗೆ ಸರಿಯಾಗಿ ಹೊಂದುತ್ತದೆ.

ಈ ಉದಾಹರಣೆಯಲ್ಲಿ ಅಷ್ಟು ಸರಿಯಾಗಿ ಹೊಂದಿದ್ದು ನಾನು ಆರಿಸಿದ ಅಂಕಿಗಳಿಂದ. ನಿಮ್ಮಲ್ಲಿ ಸ್ವಲ್ಪ ಆಚೀಚೆ ಆಗುತ್ತದೆ. ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಬಳಕೆ ಇಳಿಯದೇ ಹೋದರೆ ಒಮ್ಮೆಗೇ ಕೊಂಡವರು ಮೊದಲ ವರ್ಷ ಸುಮಾರು 14,700 ಡಾಲರ್ ಉಳಿಸುತ್ತಾರೆ, ಮೆಟ್ಟಿಲು ಕಟ್ಟಿದವರು ಸುಮಾರು 9,200. ನಡುವಿನ 5,500 ಡಾಲರ್ ವಿಮೆಯ ಕಂತು ಇದ್ದಂತೆ. ಬಳಕೆ ಬಹಳ ಸ್ಥಿರವಾಗಿದ್ದರೆ ಕಂತು ದುಬಾರಿ ಎನಿಸಬಹುದು. ಆಗ ಅರ್ಧವನ್ನು ಮೊದಲ ದಿನವೇ ಕೊಂಡು ಉಳಿದರ್ಧಕ್ಕೆ ಮೆಟ್ಟಿಲು ಕಟ್ಟಿ.

ಕೊಳ್ಳುವ ದಿನದ ಬಗ್ಗೆ ಒಂದು ಎಚ್ಚರಿಕೆ. ಗಂಟೆಗೆ 100 ಡಾಲರ್ ಅಥವಾ ಅದಕ್ಕಿಂತ ಕಡಿಮೆಯ ಪ್ಲಾನನ್ನು ಕೊಂಡ 7 ದಿನಗಳೊಳಗೆ ಹಿಂದಿರುಗಿಸಬಹುದು. ಆದರೆ ಅದು ಅದೇ ಕ್ಯಾಲೆಂಡರ್ ತಿಂಗಳೊಳಗೆ ಆಗಬೇಕು. 30ನೇ ತಾರೀಖು ಕೊಂಡರೆ ನಿಮಗೆ ಉಳಿಯುವುದು ಒಂದೆರಡು ದಿನ. ತಿಂಗಳ ಮೊದಲ ವಾರದಲ್ಲಿ ಕೊಳ್ಳಿ, ಐದಾರು ದಿನ ಬಿಲ್ ನೋಡಿ, ಸೊನ್ನೆ ಹೆಚ್ಚಾಗಿದ್ದರೆ ಅಥವಾ ಬಗೆ ತಪ್ಪಿದ್ದರೆ ಹಿಂದಿರುಗಿಸಿ.

ಇನ್ನೊಂದು: ಒಂದು ಪಾಲು ಕೊಂಡ ತಕ್ಷಣ ಕನ್ಸೋಲ್‌ನ ಶಿಫಾರಸು ನೋಡಿ ಇನ್ನೊಂದು ಕೊಳ್ಳಬೇಡಿ. ಹಿಂದಿನ ದಿನಗಳ ಅಂಕಿಗಳಲ್ಲಿ ಹೊಸ ಪ್ಲಾನ್ ಇನ್ನೂ ಪೂರ್ತಿ ಕಾಣುತ್ತಿರುವುದಿಲ್ಲ, ಅದೇ ಬಳಕೆಗೆ ಎರಡು ಬಾರಿ ಕಮಿಟ್ ಮಾಡುವ ಅಪಾಯವಿದೆ.

6. ಕೊಂಡ ಮೇಲೆ ಎರಡು ಅಂಕಿಗಳನ್ನು ನೋಡುತ್ತಿರಿ

ಒಂದು Utilization, ನೀವು ಕಮಿಟ್ ಮಾಡಿದ್ದರಲ್ಲಿ ಎಷ್ಟು ಬಳಕೆಯಾಯಿತು. ಇನ್ನೊಂದು Coverage, ಪ್ಲಾನ್‌ಗೆ ಒಳಪಡಬಹುದಾದ ಬಳಕೆಯಲ್ಲಿ ಎಷ್ಟು ಭಾಗ ರಿಯಾಯಿತಿಗೆ ಒಳಪಟ್ಟಿತು. ಎರಡನ್ನೂ ಗೊಂದಲ ಮಾಡಿಕೊಳ್ಳುವವರು ಬಹಳ. ಬಳಕೆ ಇಳಿಯುತ್ತಿರುವಾಗ Coverage ಏರುತ್ತದೆ, ಮೇಲಧಿಕಾರಿಗಳ ಸಭೆಯಲ್ಲಿ ಅದು ಸಾಧನೆಯಂತೆ ಕಾಣುತ್ತದೆ. Coverage ಶೇ. 90 ದಾಟಿ ಏರುತ್ತಿದ್ದರೆ ನಾನು ಅದನ್ನು ಎಚ್ಚರಿಕೆಯ ಗಂಟೆ ಎಂದೇ ಓದುತ್ತೇನೆ, ಅದರ ಬೆನ್ನಿಗೇ Utilization ಇಳಿಯಲು ತೊಡಗುತ್ತದೆ.

ದಿನವಾರು ಅಂಕಿ ತೆಗೆಯಲು:

```
aws ce get-savings-plans-utilization \
  --time-period Start=2025-01-01,End=2025-02-01 \
  --granularity DAILY
```

ಸಮಬಿಂದು ಶೇ. 72 ಆದರೂ ಅಲ್ಲಿಯವರೆಗೆ ಕಾಯಬೇಡಿ. ಶೇ. 95ಕ್ಕಿಂತ ಕೆಳಗೆ ಒಂದು ವಾರ ಉಳಿದರೆ ಕಾರಣ ಹುಡುಕಿ. ಎಡಬ್ಲ್ಯೂಎಸ್ ಬಜೆಟ್ಸ್‌ನಲ್ಲಿ ಈ ಮಿತಿಗೆ ಇಮೇಲ್ ಎಚ್ಚರಿಕೆ ಹಾಕಿಡಬಹುದು. ಪ್ಲಾನ್ ಮುಗಿಯುವ ದಿನಾಂಕಗಳನ್ನೂ ಕ್ಯಾಲೆಂಡರ್‌ಗೆ ಹಾಕಿ, ಅವು ತಾವಾಗಿ ನವೀಕರಣವಾಗುವುದಿಲ್ಲ.

7. ಬಳಕೆ ಇಳಿದೇ ಬಿಟ್ಟರೆ

ಸೇವಿಂಗ್ಸ್ ಪ್ಲಾನನ್ನು ಬೇರೆಯವರಿಗೆ ಮಾರಲು ಬರುವುದಿಲ್ಲ. ಹಳೆಯ ಪದ್ಧತಿಯ ಸ್ಟ್ಯಾಂಡರ್ಡ್ ರಿಸರ್ವ್ಡ್ ಇನ್‌ಸ್ಟೆನ್ಸ್‌ಗಳಿಗೆ ಮಾತ್ರ ಅಂಥ ಮಾರುಕಟ್ಟೆ ಇದೆ. ಆದರೂ ಕೈಯಲ್ಲಿ ಕೆಲವು ದಾರಿಗಳಿವೆ.

ಮೊದಲು ನಿಮ್ಮ ಸಂಸ್ಥೆಯ ಬೇರೆ ಅಕೌಂಟ್‌ಗಳನ್ನು ನೋಡಿ. ಒಂದೇ ಬಿಲ್ಲಿಂಗ್ ಅಡಿಯಲ್ಲಿದ್ದು ಹಂಚಿಕೆ ಆನ್ ಇದ್ದರೆ, ಕೊಂಡ ಅಕೌಂಟ್ ಬಳಸದೆ ಬಿಟ್ಟದ್ದು ಇತರ ಅಕೌಂಟ್‌ಗಳಿಗೆ ತಾನಾಗಿ ಹರಿಯುತ್ತದೆ. ಯಾರೋ ಹಂಚಿಕೆಯನ್ನು ಆಫ್ ಮಾಡಿಟ್ಟಿದ್ದಾರೆಯೇ ಪರಿಶೀಲಿಸಿ. ಬೇರೆ ತಂಡಗಳು ಹೊಸ ಪ್ಲಾನ್ ಕೊಳ್ಳದಂತೆಯೂ ತಕ್ಷಣ ತಿಳಿಸಿ.

ಎರಡನೆಯದು, ಸ್ಪಾಟ್‌ನಲ್ಲಿ ನಡೆಯುತ್ತಿರುವ ಕೆಲಸವನ್ನು ತಾತ್ಕಾಲಿಕವಾಗಿ ಮಾಮೂಲಿ ಸರ್ವರ್‌ಗೆ ತನ್ನಿ. ಖಾಲಿ ಬಿದ್ದ ಕಮಿಟ್‌ಮೆಂಟಿನ ಹಣ ಹೇಗೂ ಹೋಗುತ್ತಿದೆ, ಅದರೊಳಗೆ ಆ ಕೆಲಸ ಹಿಡಿದರೆ ಸ್ಪಾಟ್‌ನ ಬಿಲ್ ಪೂರ್ತಿ ಉಳಿಯುತ್ತದೆ. ರಾತ್ರಿ ಖಾಲಿ ಇದ್ದು ಹಗಲು ತುಂಬಿದ್ದರೆ, ವರದಿ ತಯಾರಿ, ಬ್ಯಾಕಪ್ ಪರೀಕ್ಷೆಯಂಥ ಕೆಲಸಗಳನ್ನು ರಾತ್ರಿಗೆ ತಳ್ಳಿ.

ಮೂರನೆಯದು, ಶುಚಿ ಕೆಲಸದ ಸರದಿಯನ್ನು ಬದಲಿಸಿ. ಕಮಿಟ್‌ಮೆಂಟ್ ಖಾಲಿ ಇರುವಾಗ ಇನ್ನೊಂದು ಸರ್ವರ್ ಆರಿಸಿದರೆ ಬಿಲ್ ಒಂದು ಕಾಸೂ ಇಳಿಯುವುದಿಲ್ಲ. ಅದೇ ಶ್ರಮವನ್ನು ಪ್ಲಾನ್ ಮುಟ್ಟದ ಸ್ಟೋರೇಜ್, ಡೇಟಾಬೇಸ್, ಡೇಟಾ ವರ್ಗಾವಣೆಯ ಕಡೆ ಹಾಕಿದರೆ ಇವತ್ತೇ ಹಣ ಉಳಿಯುತ್ತದೆ. ಸರ್ವರ್‌ಗಳ ಕೆಲಸವನ್ನು ಪಾಲು ಮುಗಿಯುವ ದಿನಾಂಕಕ್ಕೆ ಹೊಂದಿಸಿಕೊಳ್ಳಿ.

ಮಾಡಬಾರದ್ದು ಒಂದಿದೆ: Utilization ಅಂಕಿ ಚೆನ್ನಾಗಿ ಕಾಣಲೆಂದು ಯಾರಿಗೂ ಬೇಡದ ಸರ್ವರ್ ಓಡಿಸುವುದು. ಅವುಗಳ ಜೊತೆ ಡಿಸ್ಕ್, ಡೇಟಾ ವರ್ಗಾವಣೆಯ ಖರ್ಚು ಬೇರೆ ಬೆಳೆಯುತ್ತದೆ, ನಷ್ಟ ಹಾಗೇ ಉಳಿಯುತ್ತದೆ.

ದೊಡ್ಡ ಒಪ್ಪಂದ ಮಾಡುವವರಿಗೆ

ಬಳಕೆ ದೊಡ್ಡದಾದಾಗ ಕ್ಲೌಡ್ ಕಂಪನಿಯೇ ವಾರ್ಷಿಕ ಖರ್ಚಿನ ಒಪ್ಪಂದ ಮುಂದಿಡುತ್ತದೆ: ವರ್ಷಕ್ಕೆ ಇಷ್ಟು ಖರ್ಚು ಮಾಡಿದರೆ ಇಡೀ ಬಿಲ್ ಮೇಲೆ ಇಷ್ಟು ರಿಯಾಯಿತಿ, ಕಡಿಮೆಯಾದರೆ ಕೊರತೆಯನ್ನು ನೀವು ಕಟ್ಟಿಕೊಡಬೇಕು. ಇದು ಸೇವಿಂಗ್ಸ್ ಪ್ಲಾನ್‌ಗಿಂತ ಬೇರೆ. ಎರಡೂ ಒಂದರ ಕಾಲನ್ನು ಒಂದು ಎಳೆಯುತ್ತವೆ ಎಂಬುದು ಸಹಿ ಹಾಕುವಾಗ ನೆನಪಿಗೆ ಬರುವುದಿಲ್ಲ.

ತಿಂಗಳಿಗೆ 1 ಲಕ್ಷ ಡಾಲರ್ ಖರ್ಚಿರುವವರು ವರ್ಷಕ್ಕೆ 12 ಲಕ್ಷ ಡಾಲರಿಗೆ ಸಹಿ ಹಾಕಿದರು ಎನ್ನಿ. ಆಮೇಲೆ ಸೇವಿಂಗ್ಸ್ ಪ್ಲಾನ್ ಮತ್ತು ಶುಚಿ ಕೆಲಸಗಳಿಂದ ಬಿಲ್ ಶೇ. 20 ಇಳಿಯಿತು, ವರ್ಷದ ಖರ್ಚು 9.6 ಲಕ್ಷ. ಕೊರತೆ 2.4 ಲಕ್ಷ, ಉಳಿಸಿದ್ದು ಅಷ್ಟೂ ಕೊರತೆಯ ಲೆಕ್ಕಕ್ಕೆ ವಾಪಸ್. ಆದ್ದರಿಂದ ಮೊದಲು ಶುಚಿ, ಆಮೇಲೆ ಪ್ಲಾನ್, ಬಿಲ್ ಇಳಿದು ನಿಂತ ಮೇಲೆ ಆ ಇಳಿದ ಮೊತ್ತವನ್ನು ಆಧಾರವಾಗಿಟ್ಟು ಒಪ್ಪಂದ.

ಮಾತುಕತೆಯಲ್ಲಿ ಕೇಳಬೇಕಾದ್ದು ನಾಲ್ಕು. ಎರಡನೆಯ, ಮೂರನೆಯ ವರ್ಷಕ್ಕೆ ಮೊತ್ತ ಏರಿಸುವ ಷರತ್ತನ್ನು ತೆಗೆಯಿರಿ, ಅಥವಾ ಏರಿಕೆಯನ್ನು ಕಡಿಮೆ ಮಾಡಿ. ಒಂದು ವರ್ಷದ ಕೊರತೆಯನ್ನು ಮುಂದಿನ ವರ್ಷದ ಖರ್ಚಿನಲ್ಲಿ ತುಂಬಲು ಅವಕಾಶ ಕೇಳಿ. ಕ್ಲೌಡ್ ಮಾರುಕಟ್ಟೆಯ ಮೂಲಕ ಕೊಳ್ಳುವ ಬೇರೆ ಕಂಪನಿಗಳ ಸಾಫ್ಟ್‌ವೇರ್ ಖರ್ಚಿನಲ್ಲಿ ಎಷ್ಟು ಭಾಗ ಈ ಮೊತ್ತಕ್ಕೆ ಜಮೆಯಾಗುತ್ತದೆ ಎಂಬುದನ್ನು ಒಪ್ಪಂದದಲ್ಲೇ ಬರೆಸಿ. ವ್ಯವಹಾರದ ಒಂದು ಭಾಗವನ್ನು ಮಾರುವ ಸಾಧ್ಯತೆ ಇದ್ದರೆ, ಆ ಭಾಗದ ಬಳಕೆಯಷ್ಟು ಮೊತ್ತ ಕಡಿತವಾಗುವಂಥ ಷರತ್ತನ್ನೂ ಸಹಿಗೆ ಮೊದಲೇ ಸೇರಿಸಲು ಕೇಳಿ. ಸಹಿ ಬಿದ್ದ ಮೇಲೆ ಅದನ್ನು ಕೇಳಿ ಪಡೆಯುವುದು ಬಹಳ ಕಷ್ಟ.